ಈ ವಾರದ ಐದು ಲೆಕ್ಕ: ಏಳು, ಎಂಟನೇ ತರಗತಿಯ ಒಲಿಂಪಿಯಾಡ್ ಗುಂಪಿಗೆ

ಮಕ್ಕಳೇ, ಈ ಸಲ ಐದೇ ಲೆಕ್ಕ. ಶನಿವಾರದವರೆಗೆ ಟೈಮ್ ಇದೆ. ಯಾವುದಕ್ಕೂ ಎಂಟನೇ ತರಗತಿಗಿಂತ ಜಾಸ್ತಿ ಗಣಿತ ಬೇಡ, ಆದರೆ ಯಾವುದೂ ಐದು ನಿಮಿಷಕ್ಕೆ ಬಗ್ಗುವಂಥದ್ದೂ ಅಲ್ಲ. ಒಂದೊಂದರ ಜೊತೆ ಅರ್ಧ ಗಂಟೆಯಾದರೂ ಕೂತು, ರಫ್ ಪುಸ್ತಕದಲ್ಲಿ ಗೀಚಿ, ಚಿಕ್ಕ ಸಂಖ್ಯೆ ಹಾಕಿ ನೋಡಿ. ಆಮೇಲೂ ಏನೂ ಹೊಳೆಯದಿದ್ದರೆ ಮಾತ್ರ ಸುಳಿವಿಗೆ ಬನ್ನಿ.

ಇನ್ನೊಂದು ಮಾತು. ಐಒಕ್ಯೂಎಂನಲ್ಲಿ ಉತ್ತರದ ಸಂಖ್ಯೆ ಗುರುತಿಸಿದರೆ ಸಾಕು, ಅದು ದಾಟಿ ಆರ್‌ಎಂಒಗೆ ಹೋದರೆ ಯಾಕೆ ಅಂತ ಪೂರ್ತಿ ಬರೆದು ತೋರಿಸಬೇಕು. ಅಲ್ಲಿ ಎಡವುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಲೆಕ್ಕ ಗೊತ್ತಿರುತ್ತದೆ, ಬರೆಯುವ ರೂಢಿ ಇರುವುದಿಲ್ಲ. ಅದಕ್ಕೇ ಈಗಿನಿಂದಲೇ ಬರೆಯಿರಿ.

ಲೆಕ್ಕಗಳು

1. ಒಂದು ತರಗತಿಯಲ್ಲಿ 5 ಸಾಲು, ಸಾಲಿಗೆ 5 ಕುರ್ಚಿ, 25 ಮಕ್ಕಳು. ಟೀಚರ್ ಚಪ್ಪಾಳೆ ತಟ್ಟಿದ ತಕ್ಷಣ ಪ್ರತಿಯೊಬ್ಬರೂ ಎದ್ದು ತಮ್ಮ ಮುಂದಿನ, ಹಿಂದಿನ, ಎಡಗಡೆಯ ಅಥವಾ ಬಲಗಡೆಯ ಕುರ್ಚಿಗೆ ಹೋಗಿ ಕೂರಬೇಕು. ಒಂದು ಕುರ್ಚಿಗೆ ಒಬ್ಬರೇ. ಇದು ಆಗುತ್ತದಾ? 6 ಸಾಲು, ಸಾಲಿಗೆ 6 ಕುರ್ಚಿ ಇದ್ದರೆ?

2. ಅಂಗಳದಲ್ಲಿ ಅಜ್ಜಿ ರಂಗೋಲಿಗೆ 7 ಸಾಲು, ಸಾಲಿಗೆ 7ರಂತೆ ನೇರ ಚುಕ್ಕಿ ಇಟ್ಟಿದ್ದಾರೆ. ನೀವು ಯಾವ ಐದು ಚುಕ್ಕಿ ಆರಿಸಿದರೂ ಸರಿ, ಅವುಗಳಲ್ಲಿ ಯಾವುದೋ ಎರಡನ್ನು ಗೆರೆ ಎಳೆದು ಸೇರಿಸಿದಾಗ ಗೆರೆಯ ನಟ್ಟನಡುವೆ ಒಂದು ಚುಕ್ಕಿ ಇದ್ದೇ ಇರುತ್ತದೆ ಎಂದು ತೋರಿಸಿ. ನಾಲ್ಕೇ ಚುಕ್ಕಿ ಆರಿಸಿದರೆ ಈ ಮಾತು ನಿಲ್ಲುತ್ತದಾ?

3. ಆಯತಾಕಾರದ ಹೊಲ. ಒಳಗೆ ಎಲ್ಲೋ ಒಂದು ಕಡೆ ಬಾವಿ, ಅದನ್ನು ಒಂದು ಬಿಂದು ಅಂದುಕೊಳ್ಳಿ. ಬಾವಿಯಿಂದ ನಾಲ್ಕೂ ಮೂಲೆಗೆ ಹಗ್ಗ ಎಳೆದು ಹೊಲವನ್ನು ನಾಲ್ಕು ತ್ರಿಕೋನ ಮಾಡಿದ್ದಾರೆ. ಉತ್ತರದ ಬದಿಯ ಪಾಲು 12 ಗುಂಟೆ, ಪೂರ್ವದ್ದು 20, ದಕ್ಷಿಣದ್ದು 17. ಪಶ್ಚಿಮದ ಪಾಲು ಎಷ್ಟು?

4. ಎರಡಂಕಿಯ ಒಂದು ಸಂಖ್ಯೆಗೆ ಅದನ್ನೇ ತಿರುಗಿಸಿ ಬರೆದ ಸಂಖ್ಯೆಯನ್ನು ಕೂಡಿದರೆ ಪೂರ್ಣ ವರ್ಗ ಬರುತ್ತದೆ. ಇಂಥವು ಎಷ್ಟಿವೆ?

5. ಇದು ನನಗೆ ತುಂಬಾ ಇಷ್ಟದ್ದು. ಒಂಬತ್ತನೇ ಶತಮಾನದಲ್ಲಿ, ನಮ್ಮ ನೆಲ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಅಂಥದ್ದೊಂದು ಇಲ್ಲಿದೆ:

142857143 × 7 = 1000000001

ಎರಡು ತುದಿಗೆ 1, ನಡುವೆ ಬರೀ ಸೊನ್ನೆ. ಈಗ ಪ್ರಶ್ನೆ: ನಡುವೆ ಎಷ್ಟೆಷ್ಟು ಸೊನ್ನೆ ಇಟ್ಟರೆ ಇಂಥ ಸಂಖ್ಯೆಯನ್ನು 7 ನಿಶ್ಶೇಷವಾಗಿ ಭಾಗಿಸುತ್ತದೆ? ಎಲ್ಲವನ್ನೂ ಹುಡುಕಿ.

ಸುಳಿವು

1ಕ್ಕೆ: ಕುರ್ಚಿಗಳಿಗೆ ಚದುರಂಗದ ಹಲಗೆಯ ಹಾಗೆ ಕಪ್ಪು, ಬಿಳಿ ಬಣ್ಣ ಹಚ್ಚಿ. ಎಷ್ಟು ಕಪ್ಪು, ಎಷ್ಟು ಬಿಳಿ?

2ಕ್ಕೆ: ಪ್ರತಿ ಚುಕ್ಕಿಗೂ ಒಂದು ಸಾಲಿನ ನಂಬರ್, ಒಂದು ಕಂಬದ ನಂಬರ್ ಕೊಡಿ. ನಡುವಿನ ಚುಕ್ಕಿಯ ನಂಬರ್ ಸಿಗಬೇಕಾದರೆ ಕೂಡಿ ಎರಡರಿಂದ ಭಾಗಿಸಬೇಕು. ಅದು ಯಾವಾಗ ಸರಿಯಾಗಿ ಭಾಗವಾಗುತ್ತದೆ?

3ಕ್ಕೆ: ಬಾವಿಯ ಮೂಲಕ ಹೊಲದ ಬದಿಗಳಿಗೆ ಸಮಾಂತರವಾಗಿ ಎರಡು ಗೆರೆ ಎಳೆಯಿರಿ.

4ಕ್ಕೆ: ಸಂಖ್ಯೆಯನ್ನು 10a + b ಎಂದು ಬರೆಯಿರಿ. ಇಷ್ಟು ಸಾಕು.

5ಕ್ಕೆ: 10, 100, 1000, 10000... ಒಂದೊಂದನ್ನೂ 7ರಿಂದ ಭಾಗಿಸಿ ಶೇಷಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಸಲ ದೊಡ್ಡ ಭಾಗಾಕಾರ ಮಾಡಬೇಡಿ. ಹಿಂದಿನ ಶೇಷವನ್ನು 10ರಿಂದ ಗುಣಿಸಿದರೆ ಮುಂದಿನದು ಸಿಗುತ್ತದೆ, ಅಲ್ವಾ?

ಉತ್ತರದ ದಾರಿ

ಇಲ್ಲಿರುವುದು ದಾರಿ ಮಾತ್ರ. ನಡುವಿನ ಹೆಜ್ಜೆ ತುಂಬಿ, ನಿಮ್ಮ ಮಾತಲ್ಲಿ ಬರೆದು ತನ್ನಿ.

1. 25 ಕುರ್ಚಿಯಲ್ಲಿ 13 ಒಂದು ಬಣ್ಣ, 12 ಇನ್ನೊಂದು ಬಣ್ಣ. ಪಕ್ಕದ ಕುರ್ಚಿ ಯಾವಾಗಲೂ ಬೇರೆ ಬಣ್ಣದ್ದು. ಹಾಗಾಗಿ 13 ಮಕ್ಕಳು 12 ಕುರ್ಚಿಗೆ ಹೋಗಬೇಕಾಗುತ್ತದೆ. ಆಗದು. 6×6ರಲ್ಲಿ ಎರಡೂ ಬಣ್ಣ 18, 18. ಆದರೆ "ಬಣ್ಣ ಸಮ ಇದೆ, ಆದ್ದರಿಂದ ಆಗುತ್ತದೆ" ಎಂದು ಬರೆದರೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಬಣ್ಣ ಸಮ ಇದ್ದರೆ ಅಡ್ಡಿ ಇಲ್ಲ ಎಂದಷ್ಟೇ ಅರ್ಥ, ದಾರಿ ಸಿಕ್ಕಿತು ಎಂದಲ್ಲ. ಹೇಗೆ ಆಗುತ್ತದೆ ಎಂದು ಮಾಡಿ ತೋರಿಸಬೇಕು: ಪ್ರತಿ ಸಾಲಿನಲ್ಲಿ ಪಕ್ಕಪಕ್ಕದ ಇಬ್ಬಿಬ್ಬರು ಜಾಗ ಅದಲುಬದಲು ಮಾಡಿಕೊಂಡರೆ ಆಯ್ತು.

2. ಸಾಲಿನ ನಂಬರ್ ಸಮ ಅಥವಾ ಬೆಸ, ಕಂಬದ ನಂಬರ್ ಕೂಡ ಹಾಗೇ. ಒಟ್ಟು ನಾಲ್ಕು ಜಾತಿಯ ಚುಕ್ಕಿ. ಐದು ಚುಕ್ಕಿ ಆರಿಸಿದರೆ ಎರಡಾದರೂ ಒಂದೇ ಜಾತಿಗೆ ಬೀಳಲೇಬೇಕು. ಆ ಎರಡರ ಮೊತ್ತಗಳು ಸಮ, ಹಾಗಾಗಿ ನಟ್ಟನಡುವೆ ಚುಕ್ಕಿ ಇದೆ. ನಾಲ್ಕು ಗೂಡಿಗೆ ಐದು ಪಾರಿವಾಳ ಬಂದರೆ ಒಂದು ಗೂಡಲ್ಲಿ ಎರಡು ಇರಲೇಬೇಕು, ಅದೇ ವಾದ ಇದು. ನಾಲ್ಕು ಚುಕ್ಕಿ ಸಾಲದು: ಅಕ್ಕಪಕ್ಕದ ನಾಲ್ಕು ಚುಕ್ಕಿಯ ಪುಟ್ಟ ಚೌಕ ತೆಗೆದುಕೊಂಡು ನೋಡಿ.

3. ಸುಳಿವಿನ ಎರಡು ಗೆರೆಯಿಂದ ನಾಲ್ಕು ಚಿಕ್ಕ ಆಯತ ಆಗುತ್ತವೆ. ಒಂದೊಂದನ್ನೂ ಹಗ್ಗ ಅರ್ಧರ್ಧ ಮಾಡುತ್ತದೆ. ಆ ಅರ್ಧಗಳನ್ನು ಎಣಿಸಿದರೆ ಉತ್ತರ ದಕ್ಷಿಣದ ಪಾಲು ಸೇರಿ ಅರ್ಧ ಹೊಲ, ಪೂರ್ವ ಪಶ್ಚಿಮ ಸೇರಿ ಇನ್ನರ್ಧ. 12 + 17 = 29, ಆದ್ದರಿಂದ ಪಶ್ಚಿಮಕ್ಕೆ 29 − 20 = 9 ಗುಂಟೆ. ಬಾವಿ ಎಲ್ಲಿದೆ ಎಂದು ಗೊತ್ತಿಲ್ಲದೆಯೇ ಉತ್ತರ ಬಂತು ನೋಡಿ! ಈಗ ಹೊಲ ಸೊಟ್ಟ ಚತುರ್ಭುಜ ಆಗಿರಲಿ, ಅದರ ಮೂಲೆಗಳು ಹೊರಕ್ಕೇ ಚಾಚಿರಲಿ. ಹಗ್ಗವನ್ನು ಮೂಲೆಗಳಿಗೆ ಎಳೆಯುವ ಬದಲು ಬದಿಗಳ ಮಧ್ಯಬಿಂದುಗಳಿಗೆ ಎಳೆಯಿರಿ. ಆಗಲೂ ಎದುರುಬದುರು ಪಾಲುಗಳ ಮೊತ್ತ ಸಮವೇ. ಯಾಕೆ?

4. ಮೊತ್ತ 11(a + b). ಇದು ಪೂರ್ಣ ವರ್ಗ ಆಗಬೇಕಾದರೆ a + b ಯನ್ನೂ 11 ಭಾಗಿಸಬೇಕು. ಅದು 18ಕ್ಕಿಂತ ಜಾಸ್ತಿ ಆಗದು, ಆದ್ದರಿಂದ 11. 29, 38, 47, 56, 65, 74, 83, 92. ಒಟ್ಟು ಎಂಟು.

5. ಶೇಷಗಳ ಸಾಲು ಹೀಗೆ: 3, 2, 6, 4, 5, 1, ಮತ್ತೆ 3, 2, 6... ಆರು ಹೆಜ್ಜೆಗೊಮ್ಮೆ ತಿರುಗುತ್ತದೆ. ನಮ್ಮ ಸಂಖ್ಯೆ ಎಂದರೆ 10ರ ಯಾವುದೋ ಘಾತಕ್ಕೆ 1 ಕೂಡಿದ್ದು. 7 ಭಾಗಿಸಬೇಕಾದರೆ ಆ ಘಾತದ ಶೇಷ 6 ಆಗಿರಬೇಕು. 6 ಬರುವುದು ಮೂರನೆಯ, ಒಂಬತ್ತನೆಯ, ಹದಿನೈದನೆಯ ಜಾಗದಲ್ಲಿ. ಸೊನ್ನೆಗಳು ಘಾತಕ್ಕಿಂತ ಒಂದು ಕಮ್ಮಿ, ಅಂದರೆ 2, 8, 14, 20, ಹೀಗೆ ಆರಾರು ಕೂಡುತ್ತಾ ಹೋಗಿ. ಎರಡು ಸೊನ್ನೆಯದ್ದು 1001 = 7 × 143. ಎಂಟು ಸೊನ್ನೆಯದ್ದೇ ಮಹಾವೀರಾಚಾರ್ಯನ ಹಾರ. ಇಲ್ಲಿ ಎರಡು ವಿಷಯ ಬರೆಯಲೇಬೇಕು: ಸಾಲು ಯಾಕೆ ಮರುಕಳಿಸುತ್ತದೆ, ಮತ್ತು ಬೇರೆ ಯಾವ ಸೊನ್ನೆಯ ಎಣಿಕೆಯೂ ಯಾಕೆ ಆಗುವುದಿಲ್ಲ. ಮೊದಲ ಕೆಲವು ಪರೀಕ್ಷಿಸಿ "ಹೀಗೇ ಮುಂದುವರಿಯುತ್ತದೆ" ಎಂದರೆ ಅದು ಊಹೆ, ಸಾಧನೆ ಅಲ್ಲ.

ಬೇಗ ಮುಗಿಸಿದವರಿಗೆ: 7ರ ಬದಲು 13 ಹಾಕಿದರೆ ಅದೇ 2, 8, 14 ಬರುತ್ತದೆ, ಕಾರಣ 1001ರೊಳಗೇ ಇದೆ. 37 ಮಾತ್ರ ಇಂಥ ಯಾವ ಹಾರವನ್ನೂ ಎಂದಿಗೂ ಭಾಗಿಸುವುದಿಲ್ಲ. 17 ಭಾಗಿಸುತ್ತದೆ, ಆದರೆ ಎಷ್ಟು ಸೊನ್ನೆ ಆದ ಮೇಲೆ ಮೊದಲ ಸಲ? ಕ್ಯಾಲ್ಕುಲೇಟರ್ ಮುಟ್ಟದೆ, ಶೇಷಗಳನ್ನಷ್ಟೇ ಬರೆದು ಶನಿವಾರ ತನ್ನಿ.