ಅಡಿಕೆ ಕೊಳೆರೋಗದ ಪಾಠ: ಸ್ಲೈಡ್ ಫೋಟೊಗಳಿಂದ ಬರೆದಿದ್ದು

ಅಣ್ಣಾ, ನೀವು ತೀರ್ಥಹಳ್ಳಿಯಿಂದ ಬರಲಾಗಲಿಲ್ಲ ಅಲ್ವಾ, ಅದಕ್ಕೇ ಕೂತು ಬರೆದೆ. ಫೋಟೊಗಳು ಹಿಂದೆ ಮುಂದೆ ಆಗಿದ್ದವು, ಸ್ಲೈಡಿನ ನಂಬರ್ ನೋಡಿ ಜೋಡಿಸಿದ್ದೇನೆ.

ಸ್ಲೈಡ್ 1: ಕೊಳೆರೋಗ ಯಾಕೆ ಬರುತ್ತದೆ?
- ಕಾರಣ: ಫೈಟೋಫ್ತೊರಾ ಎಂಬ, ಶಿಲೀಂಧ್ರದಂಥ ರೋಗಾಣು
- ಬಿಡದೆ ಸುರಿಯುವ ಮಳೆ, ತಂಪು ಹವೆ
  - ನಡುವೆ ಬಿಸಿಲು ಬಂದರೆ ಇನ್ನೂ ಜಾಸ್ತಿ

ಸ್ಲೈಡ್ 2: ಲಕ್ಷಣ
- ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಲೆ
- ಕಾಯಿ ಉದುರುತ್ತದೆ
  - ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು

ಸ್ಲೈಡ್ 3: ಶೇ. 1ರ ಬೋರ್ಡೋ ದ್ರಾವಣ
- ಮೈಲುತುತ್ತ 1 ಕೆಜಿ, 50 ಲೀಟರ್ ನೀರಿಗೆ
- ಸುಣ್ಣ 1 ಕೆಜಿ, ಬೇರೆ 50 ಲೀಟರ್ ನೀರಿಗೆ
- ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಿ, ಕಲಕುತ್ತಾ ಇರಿ
  - ಪರೀಕ್ಷೆ: ಹೊಳೆಯುವ ಕಬ್ಬಿಣದ ಚಾಕು ಅದ್ದಿ
    - ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ
- ಅವತ್ತೇ ಬಳಸಿ

(ಈ ಸ್ಲೈಡ್ ಬಿಡಬೇಡಿ. ಚಾಕು ಅದ್ದುವುದನ್ನು ನಮ್ಮಲ್ಲಿ ಸುಮ್ನೆ ಮರೆತುಬಿಡುತ್ತಾರೆ.)

ಸ್ಲೈಡ್ 4: ಬೋರ್ಡೋ ಸಿಂಪಡಣೆ ಯಾವಾಗ?
- ಮೊದಲನೆಯದು: ಮಳೆಗಾಲಕ್ಕೆ ಮುಂಚೆ
- ಎರಡನೆಯದು: 40ರಿಂದ 45 ದಿನ ಬಿಟ್ಟು
- ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೂ ಆಗುತ್ತದೆ
- ಉದುರಿದ ಕಾಯಿ ಆರಿಸಿ, ತೋಟದಲ್ಲಿ ಬಿಡಬೇಡಿ