ಕಟ್ಟಹುಣಿ

ನೇಮದ ಖರ್ಚಿನ ಲೆಕ್ಕ ಮಾಡಲು ಊರವರೆಲ್ಲ ದೈವಸ್ಥಾನದ ಚಾವಡಿಯಲ್ಲಿ ಸೇರಿದ್ದೆವು. ಮನೆಗೆ ಎಷ್ಟು ವಂತಿಗೆ, ಚಪ್ಪರ ಯಾರದ್ದು, ಊಟ ಯಾರದ್ದು ಅಂತ ಮಾತು ನಡೆಯುತ್ತಿತ್ತು. ನಮ್ಮ ಮನೆಯ ಹೆಸರು ಬಂದಾಗ ಗುರಿಕಾರರು ಕೇಳಿದರು, "ನಿಮ್ಮದು ಒಂದಾ, ಎರಡಾ?"

ಮಾವ ಇರುವವರೆಗೆ ಒಂದೇ ಆಗಿತ್ತು.

"ಎರಡು ಬರೆಯಿರಿ" ಅಂದೆ. "ಆದರೆ ಗದ್ದೆ ಜಾಸ್ತಿ ಇದ್ದವರು ಜಾಸ್ತಿ ಕೊಡಲಿ."

ಹಾಗೆ ಹೇಳಬಾರದಿತ್ತು. ಅಲ್ಲಿ, ಅಷ್ಟು ಜನರ ಎದುರು. ಆದರೆ ಬೆಳಿಗ್ಗೆ ಬಸ್ಸಿಳಿದು ಬೈಲಿನಲ್ಲಿ ನಡೆದು ಬರುವಾಗ ನೋಡಿದ್ದೆ, ಪಡು ತುದಿಯಲ್ಲಿ ಹುಣಿ ಪೂರಾ ನನ್ನ ಗದ್ದೆಯ ಒಳಗೆ ಬಂದು ಕೂತಿತ್ತು, ಮೂರಡಿಗೆ ಕಮ್ಮಿ ಇಲ್ಲ. ಆಗಿನಿಂದ ಹೊಟ್ಟೆಯೊಳಗೆ ಉರಿಯುತ್ತಿತ್ತು.

ಮಾವನಿಗೆ ಮದುವೆ ಆಗಿರಲಿಲ್ಲ. ಬ್ರಹ್ಮಾವರದ ಹತ್ತಿರದ ಈ 64 ಸೆಂಟ್ಸ್ ಬೈಲುಗದ್ದೆಯನ್ನು ಇಬ್ಬರು ತಂಗಿಯರ ಮಕ್ಕಳಿಗೆ ಅಂತ ವಿಲ್ ಬರೆದಿಟ್ಟಿದ್ದರು. ಕಟ್ಟಹುಣಿಯ ತೆಂಕು ಭಾಗ ಸದಾನಂದನಿಗೆ, ಬಡಗು ಭಾಗ ನನಗೆ. ಅಷ್ಟೇ. ಪಹಣಿಯಲ್ಲಿ ಇಬ್ಬರ ಹೆಸರೂ ಇದೆ, ಪೋಡಿ ಆಗಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಸರ್ವೆ ಕಲ್ಲೂ ಇಲ್ಲ, ಇರುವುದು ಆ ಮಣ್ಣಿನ ಹುಣಿ ಒಂದೇ.

"ಯಾರ ಗದ್ದೆ ಜಾಸ್ತಿ ಆದದ್ದು?" ಸದಾನಂದಣ್ಣ ಎದ್ದು ನಿಂತ.

"ನಿಮ್ಮದು. ಹುಣಿ ಸರಿಸಿದ್ದು ನೀವೇ ಅಲ್ವಾ?"

"ಹೌದು, ನಾನೇ ಕಟ್ಟಿದ್ದು" ಅಂದ. ಅವನು ಇಲ್ಲ ಅನ್ನುತ್ತಾನೆ ಅಂತ ಕಾದಿದ್ದ ನನಗೆ ಮುಂದಿನ ಮಾತೇ ಸಿಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಸೆದ ಹಾಗೆ "ಕಳ್ಳತನ" ಅಂದುಬಿಟ್ಟೆ.

ಚಾವಡಿ ತಣ್ಣಗಾಯಿತು. ಅವನ ಗಂಟಲಿನ ನರ ಉಬ್ಬಿತು. "ನೀನು ಮಂಗಳೂರಿಗೆ ಹೋಗಿ ಎರಡು ಮಳೆಗಾಲ ಆಯ್ತು. ಗದ್ದೆ ಹಡಿಲು ಬಿಟ್ಟೆ. ಹುಲ್ಲು ಸೊಂಟದವರೆಗೆ ಬಂತು, ಏಡಿ ಬಂತು. ನಿನ್ನ ಬದಿಯಿಂದ ಕೊರೆದು ಕೊರೆದು ಹುಣಿಯೆಲ್ಲ ತೂತು. ನಾನು ನಿಲ್ಲಿಸಿದ ನೀರು ಒಂದು ರಾತ್ರಿ ನಿಲ್ಲಲಿಲ್ಲ ಮಾರಾಯ. ಆಟಿಯ ಮಳೆಗೆ ಪಡು ತುದಿ ಜರಿದು ನಿನ್ನ ಬದಿಗೆ ಬಿತ್ತು. ಬಿದ್ದ ಮಣ್ಣಿನ ಮೇಲೆಯೇ ಕಟ್ಟಿದೆ. ನಾನೊಬ್ಬನೇ. ಫೋನ್ ಮಾಡಿದ್ದೆನಾ, ಇಲ್ವಾ?"

ಮಾಡಿದ್ದ. ನಾನು ಕೆಲಸದಲ್ಲಿದ್ದೆ, ಆಮೇಲೆ ಮಾಡುತ್ತೇನೆ ಅಂದಿದ್ದೆ.

ಯಾರೋ ಸರ್ವೆಯರ್ ಕರೆಸಿ ಅಂದರು, ಇನ್ನೊಬ್ಬರು ದೈವದ ಎದುರು ಕೇಳೋಣ ಅಂದರು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಶಾರದಕ್ಕ ಮಾತ್ರ, ಮಾವನ ಕಾಲದಲ್ಲಿ ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದವರು, "ಕಂಡಿಯ ಕಲ್ಲು ನೋಡಿದಿರಾ?" ಅಂತ ಕೇಳಿದರು. "ತೋಡಿಗೆ ನೀರು ಬಿಡುವ ಕಡೆ ನಿಮ್ಮ ಮಾವ ಒಂದು ಮುರಕಲ್ಲು ಹುಗಿದಿದ್ದರು. ಹುಣಿ ಇದ್ದದ್ದು ಅದರ ನೇರಕ್ಕೆ."

ಸಭೆ ಅರ್ಧಕ್ಕೇ ಬಿಟ್ಟು ಏಳೆಂಟು ಜನ ಬೈಲಿಗೆ ಇಳಿದೆವು. ಏಪ್ರಿಲ್ ಬಿಸಿಲಿಗೆ ಗದ್ದೆ ಬಿರುಕು ಬಿಟ್ಟಿತ್ತು. ಸದಾನಂದಣ್ಣ ಹಾರೆ ತಂದು ಅಗೆದ. ಒಂದೂವರೆ ಅಡಿ ಕೆಳಗೆ ಟಣ್ ಅಂತು. ಕೈಯಲ್ಲಿ ಮಣ್ಣು ಸರಿಸಿದರೆ ಕೆಂಪು ಕಲ್ಲು, ನೀರು ಹರಿದು ಹರಿದು ನಡುವೆ ಬೊಗಸೆಯಷ್ಟು ಸವೆದಿತ್ತು. ಚಿಕ್ಕವನಿದ್ದಾಗ ಅದೇ ಕುಳಿಗೆ ಕಾಲಿಟ್ಟು ಕೂರುತ್ತಿದ್ದೆ, ಮಾವ ಗದರುತ್ತಿದ್ದರು.

ಮೂಡು ತುದಿಯ ತಾಳೆಮರದಿಂದ ಆ ಕಲ್ಲಿಗೆ ಹಗ್ಗ ಎಳೆದೆವು. ಮರದ ಹತ್ತಿರ ಹುಣಿ ಹಗ್ಗದ ಅಡಿಯಲ್ಲೇ ಇತ್ತು, ಕಲ್ಲಿನ ಹತ್ತಿರ ಬರುವಾಗ ನನ್ನ ಬದಿಗೆ ಮೂರಡಿ. ಉದ್ದ 120 ಅಡಿ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅರ್ಧ ಸೆಂಟ್ಸೂ ಆಗಲಿಲ್ಲ.

ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಉಳಿದವರು ಒಬ್ಬೊಬ್ಬರಾಗಿ ಚಾವಡಿಗೆ ಹೋದರು.

"ಕಳ್ಳ ಅಂದದ್ದು ತಪ್ಪಾಯ್ತು ಅಣ್ಣ" ಅಂದೆ.

ಅವನು ಏನೂ ಹೇಳಲಿಲ್ಲ. ಗೂಟ ಹೊಡೆದು ಹಗ್ಗ ಕಟ್ಟಿದ, ಎರಡು ಸಲ ಎಳೆದು ನೋಡಿದ. ಆಮೇಲೆ ನನ್ನ ಮುಖ ನೋಡದೆ ಕೇಳಿದ, "ಏಣೆಲಿಗೆ ಬೀಜ ಹಾಕ್ತೀಯಾ?"

"ಹಾಕ್ತೇನೆ."

"ಹುಣಿ ಅದಕ್ಕಿಂತ ಮೊದಲು ಆಗಬೇಕು." ಹಾರೆಯನ್ನು ನನ್ನ ಬದಿಯ ಮಣ್ಣಿಗೆ ಕುತ್ತಿ ನಿಲ್ಲಿಸಿ ಮೇಲೆ ಹತ್ತಿಹೋದ.