ಮೃತ ಖಾತೆದಾರರ ಠೇವಣಿ ಹಣವನ್ನು ವಾರಸುದಾರರಿಗೆ ಬಿಡುಗಡೆ ಮಾಡಲು ಕೋರಿ ಮನವಿ

ತಿಪಟೂರು
ದಿನಾಂಕ: 18.05.2026

ಇವರಿಂದ:
ಶ್ರೀಮತಿ ಜಯಮ್ಮ, ದಿವಂಗತ ಕೆ. ಎಸ್. ರಂಗಪ್ಪನವರ ಪತ್ನಿ, ಮತ್ತು ಇತರ ವಾರಸುದಾರರು
ಹಾಸನ ರಸ್ತೆ, ತಿಪಟೂರು, ತುಮಕೂರು ಜಿಲ್ಲೆ

ಇವರಿಗೆ:
ಶಾಖಾ ವ್ಯವಸ್ಥಾಪಕರು
ತಿಪಟೂರು ಮುಖ್ಯ ಶಾಖೆ

ಮಾನ್ಯರೇ,

ವಿಷಯ: ದಿವಂಗತ ಕೆ. ಎಸ್. ರಂಗಪ್ಪನವರ ಉಳಿತಾಯ ಖಾತೆ (ಕೊನೆಯ ಅಂಕಿಗಳು 4417) ಮತ್ತು ಎರಡು ನಿಶ್ಚಿತ ಠೇವಣಿಗಳ (ಕೊನೆಯ ಅಂಕಿಗಳು 0932 ಮತ್ತು 1186) ಹಣವನ್ನು ವಾರಸುದಾರರಿಗೆ ಪಾವತಿಸುವ ಬಗ್ಗೆ.

ತಮ್ಮ ಶಾಖೆಯ ಗ್ರಾಹಕರಾಗಿದ್ದ ನಿವೃತ್ತ ಶಿಕ್ಷಕ ಶ್ರೀ ಕೆ. ಎಸ್. ರಂಗಪ್ಪನವರು 02.02.2026ರಂದು ತಮ್ಮ 71ನೇ ವಯಸ್ಸಿನಲ್ಲಿ ತಿಪಟೂರಿನಲ್ಲಿ ನಿಧನರಾದರು. ಮೂರೂ ಖಾತೆಗಳು ಅವರೊಬ್ಬರ ಹೆಸರಿನಲ್ಲಿವೆ. ಯಾವುದಕ್ಕೂ ಜಂಟಿ ಖಾತೆದಾರರಿಲ್ಲ, ನಾಮನಿರ್ದೇಶನವೂ ನೋಂದಣಿಯಾಗಿಲ್ಲ ಎಂದು ಶಾಖೆಯಲ್ಲಿ ನಮಗೆ ತಿಳಿಸಲಾಗಿದೆ. ಅವರು ಉಯಿಲು ಬರೆದಿಟ್ಟಿಲ್ಲ. ಈ ಹಣದ ಬಗ್ಗೆ ಯಾವ ನ್ಯಾಯಾಲಯದಲ್ಲೂ ದಾವೆಯಿಲ್ಲ, ತಡೆಯಾಜ್ಞೆಯಿಲ್ಲ. ಅವರ ಹೆಸರಿನಲ್ಲಿ ತಮ್ಮ ಶಾಖೆಯಲ್ಲಿ ಲಾಕರ್ ಇಲ್ಲ, ಬಾಕಿ ಸಾಲವಿಲ್ಲ, ಬೇರೆಯವರ ಸಾಲಕ್ಕೆ ಅವರು ಹಾಕಿದ ಜಾಮೀನೂ ನಮಗೆ ತಿಳಿದಂತೆ ಇಲ್ಲ.

ಹಣದ ವಿವರ ಹೀಗಿದೆ. ಪಾಸ್‌ಬುಕ್ಕಿನ ಪ್ರಕಾರ 31.01.2026ರಂದು ಉಳಿತಾಯ ಖಾತೆಯಲ್ಲಿದ್ದ ಶಿಲ್ಕು ₹3,84,640. ಮೊದಲ ಠೇವಣಿ (0932) ₹4,00,000. ಅದರ ಅವಧಿ 14.09.2027ಕ್ಕೆ ಮುಗಿಯುತ್ತದೆ. ಎರಡನೆಯದು (1186) ₹2,00,000. ಅದರ ಅವಧಿ ರಂಗಪ್ಪನವರ ಮರಣಾನಂತರ, 20.03.2026ಕ್ಕೆ ಮುಗಿದಿದೆ. ಅಸಲು ಒಟ್ಟು ₹9,84,640. ಇದಕ್ಕೆ ಪಾವತಿಯ ದಿನದವರೆಗಿನ ಬಡ್ಡಿ ಸೇರಬೇಕು.

28.02.2026ರಂದು ಉಳಿತಾಯ ಖಾತೆಗೆ ಫೆಬ್ರವರಿ ತಿಂಗಳ ಪಿಂಚಣಿ ಜಮೆಯಾಗಿದೆ. ಮರಣಾನಂತರದ ದಿನಗಳಿಗೆ ಸಂದ ಭಾಗ ನಮ್ಮದಲ್ಲ, ಸರ್ಕಾರದ್ದು. ಹಾಗಾಗಿ ಮೇಲಿನ ಲೆಕ್ಕದಲ್ಲಿ ಆ ಜಮೆಯನ್ನು ಹಿಡಿದಿಲ್ಲ. ಹೆಚ್ಚುವರಿ ಪಿಂಚಣಿಯನ್ನು ಖಜಾನೆಗೆ ಹಿಂದಿರುಗಿಸಿ, ಅದರ ವಿವರವನ್ನು ನಮಗೆ ಬರಹದಲ್ಲಿ ಕೊಡಬೇಕು. ಜಯಮ್ಮನವರ ಕುಟುಂಬ ಪಿಂಚಣಿಯ ಕಡತಕ್ಕೂ ಅದು ಬೇಕಾಗುತ್ತದೆ. ಇನ್ನು ಮುಂದೆ ಈ ಖಾತೆಗೆ ಬರುವ ಯಾವುದೇ ಜಮೆಯನ್ನು 'ಖಾತೆದಾರರು ಮೃತರು' ಎಂಬ ಷರಾದೊಂದಿಗೆ ಕಳುಹಿಸಿದವರಿಗೇ ವಾಪಸು ಮಾಡಲು ನಮ್ಮ ಒಪ್ಪಿಗೆಯಿದೆ. ಮರಣದ ನಂತರ ನಾವು ಯಾರೂ ಅವರ ಎಟಿಎಂ ಕಾರ್ಡನ್ನಾಗಲಿ ಯುಪಿಐಯನ್ನಾಗಲಿ ಬಳಸಿಲ್ಲ. ಕಾರ್ಡು ಮತ್ತು ಉಳಿದ ಚೆಕ್ ಹಾಳೆಗಳನ್ನು ಈ ಪತ್ರದ ಜೊತೆ ಒಪ್ಪಿಸುತ್ತಿದ್ದೇವೆ.

ವಾರಸುದಾರರು ಮತ್ತು ಪಾಲು

ರಂಗಪ್ಪನವರ ತಾಯಿ ಅವರಿಗಿಂತ ಮೊದಲೇ, 2011ರಲ್ಲಿ ತೀರಿಕೊಂಡಿದ್ದಾರೆ. ಹಿರಿಯ ಮಗ ಕೆ. ಆರ್. ನಾಗರಾಜ 2021ರಲ್ಲಿ ತೀರಿಕೊಂಡಿದ್ದು, ಅವರ ಪತ್ನಿ ಎಚ್. ಎಂ. ಶೋಭಾ ಮತ್ತು 2014ರಲ್ಲಿ ಹುಟ್ಟಿದ ಮಗಳು ಅನನ್ಯ ಇದ್ದಾರೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 8 ಮತ್ತು 10ನೇ ಕಲಮುಗಳ ಪ್ರಕಾರ ಪತ್ನಿ ಜಯಮ್ಮ, ಮಗ ಕೆ. ಆರ್. ಮಂಜುನಾಥ, ಮಗಳು ಕೆ. ಆರ್. ಸುಮಿತ್ರಾ ಮತ್ತು ನಾಗರಾಜರ ಕವಲು, ಹೀಗೆ ನಾಲ್ಕು ಸಮಪಾಲು. ನಾಗರಾಜರ ಕವಲಿನ ಪಾಲು ಶೋಭಾ ಮತ್ತು ಅನನ್ಯಳಿಗೆ ಅರ್ಧರ್ಧ.

ಮಂಜುನಾಥ ಮತ್ತು ಸುಮಿತ್ರಾ ತಮ್ಮ ಪಾಲನ್ನು ತಾಯಿ ಜಯಮ್ಮನವರಿಗೆ ಬಿಟ್ಟುಕೊಟ್ಟು ನಿರಾಕ್ಷೇಪಣಾ ಪತ್ರ ಬರೆದುಕೊಟ್ಟಿದ್ದಾರೆ. ಅನನ್ಯಳ ವಿಷಯದಲ್ಲಿ ಹಾಗೆ ಮಾಡಿಲ್ಲ, ಮಾಡಲು ಬರುವುದೂ ಇಲ್ಲ: ಅಪ್ರಾಪ್ತಳ ಪಾಲನ್ನು ಅವಳ ಪರವಾಗಿ ತಾಯಿಯಾಗಲಿ ಅಜ್ಜಿಯಾಗಲಿ ಬಿಟ್ಟುಕೊಡುವಂತಿಲ್ಲ. ಎಲ್ಲ ಹಣವನ್ನೂ ಜಯಮ್ಮನವರ ಖಾತೆಗೆ ಹಾಕಿದರೆ ಸಾಕಲ್ಲವೇ ಎಂದು ಶಾಖೆಯಲ್ಲಿ ಕೇಳಿದ್ದಕ್ಕೆ ಇದೇ ನಮ್ಮ ಉತ್ತರ. ಆದ್ದರಿಂದ ಪಾವತಿಯನ್ನು ಹೀಗೆ ಮಾಡಿಕೊಡಬೇಕು:

ಜಯಮ್ಮ: ಎಂಟರಲ್ಲಿ ಆರು ಪಾಲು, ಅಸಲಿನಲ್ಲಿ ₹7,38,480.
ಶೋಭಾ: ಎಂಟರಲ್ಲಿ ಒಂದು ಪಾಲು, ₹1,23,080.
ಅನನ್ಯ: ಎಂಟರಲ್ಲಿ ಒಂದು ಪಾಲು, ₹1,23,080, ತಾಯಿ ಶೋಭಾ ಪಾಲಕಿಯಾಗಿರುವ ಅವಳದೇ ಹೆಸರಿನ ಉಳಿತಾಯ ಖಾತೆಗೆ.

ಬಡ್ಡಿಯನ್ನೂ ಇದೇ ಪ್ರಮಾಣದಲ್ಲಿ ಹಂಚಬೇಕು. 0932ನೇ ಠೇವಣಿಯನ್ನು ಅವಧಿಗೆ ಮುನ್ನ ಮುಕ್ತಾಯ ಮಾಡಲು ಕೋರುತ್ತೇವೆ. ಠೇವಣಿದಾರರ ಮರಣದ ಕಾರಣಕ್ಕೆ ಮುಕ್ತಾಯ ಮಾಡುವುದರಿಂದ ದಂಡಬಡ್ಡಿ ಕಡಿತ ಬರುವುದಿಲ್ಲ. 1186ನೇ ಠೇವಣಿ ತಾನಾಗಿ ನವೀಕರಣಗೊಂಡಿದ್ದರೆ ಅದಕ್ಕೂ ಈ ಮಾತೇ ಅನ್ವಯ. ನವೀಕರಣಗೊಂಡಿರದಿದ್ದರೆ 20.03.2026ರವರೆಗೆ ಒಪ್ಪಂದದ ದರದಲ್ಲೂ ಆ ನಂತರದ ದಿನಗಳಿಗೆ ನಿಯಮಾನುಸಾರವೂ ಬಡ್ಡಿ ಲೆಕ್ಕಹಾಕಿ, ಲೆಕ್ಕದ ಹಾಳೆಯನ್ನು ಕೊಡಬೇಕು.

ಉತ್ತರಾಧಿಕಾರ ಪ್ರಮಾಣಪತ್ರದ ಬಗ್ಗೆ

ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು, ಜೊತೆಗೆ ಇಬ್ಬರು ಜಾಮೀನುದಾರರು ಬೇಕು ಎಂದು ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಲಾಗಿತ್ತು. ಮೃತ ಗ್ರಾಹಕರ ಹಣ ಇತ್ಯರ್ಥದ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 26.09.2025ರಂದು ನಿರ್ದೇಶನಗಳನ್ನು ಹೊರಡಿಸಿದ್ದು, 31.03.2026ರೊಳಗೆ ಜಾರಿಗೆ ತರಲು ಬ್ಯಾಂಕುಗಳಿಗೆ ಸೂಚಿಸಿದೆ. ಅವುಗಳ ಪ್ರಕಾರ, ನಾಮನಿರ್ದೇಶನವಿಲ್ಲದ ಖಾತೆಗಳಿಗೂ ಸಹಕಾರಿಯಲ್ಲದ ಬ್ಯಾಂಕುಗಳಲ್ಲಿ ₹15 ಲಕ್ಷದವರೆಗೆ ಸರಳ ಕ್ರಮವಿದೆ. ನಮ್ಮ ಕೋರಿಕೆ ಬಡ್ಡಿ ಸೇರಿದರೂ ಆ ಮಿತಿಯೊಳಗೇ ಇದೆ, ವಾರಸುದಾರರಲ್ಲಿ ತಕರಾರಿಲ್ಲ. ಈ ಮಿತಿಯಲ್ಲಿ ಹಣ ಪಡೆಯುವವರ ನಷ್ಟಭರ್ತಿ ಪತ್ರ ಸಾಕು; ಮೂರನೆಯವರ ಜಾಮೀನು ಬೇಕಿಲ್ಲ. ಆದರೂ ಪ್ರಮಾಣಪತ್ರ ಬೇಕೇ ಬೇಕು ಎಂದಾದರೆ, ಯಾವ ನಿಯಮದಡಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ಲಗತ್ತಿಸಿದ ದಾಖಲೆಗಳು

1. ಭರ್ತಿ ಮಾಡಿ ಸಹಿ ಹಾಕಿದ ಕ್ಲೇಮ್ ಫಾರಂ, ಪಾವತಿಯಾಗಬೇಕಾದ ಮೂರೂ ಖಾತೆಗಳ ಪಾಸ್‌ಬುಕ್ ಮೊದಲ ಪುಟದ ನಕಲು ಸಹಿತ.

2. ರಂಗಪ್ಪನವರ ಮರಣ ಪ್ರಮಾಣಪತ್ರ. ನಾಗರಾಜರ ಮರಣ ಪ್ರಮಾಣಪತ್ರ ಮತ್ತು ರಂಗಪ್ಪನವರ ತಾಯಿಯ ಮರಣ ಪ್ರಮಾಣಪತ್ರ ಕೂಡ.

3. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಮತ್ತು ಜೀವಂತ ಕುಟುಂಬ ಸದಸ್ಯರ ದೃಢೀಕರಣ ಪತ್ರ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಕೋರಿಕೆ. ಎರಡನೆಯದರಲ್ಲಿ ಬದುಕಿರುವವರ ಹೆಸರು ಮಾತ್ರ ಇರುವುದರಿಂದ ನಾಗರಾಜರ ಹೆಸರು ಕಾಣುವುದಿಲ್ಲ. ಶೋಭಾ ಮತ್ತು ಅನನ್ಯ ಯಾವ ಸಂಬಂಧದಿಂದ ವಾರಸುದಾರರಾದರು ಎಂಬುದು ವಂಶವೃಕ್ಷದಿಂದಷ್ಟೇ ತಿಳಿಯುತ್ತದೆ.

4. ನಮ್ಮ ಕುಟುಂಬವನ್ನು ಬಹುಕಾಲದಿಂದ ಬಲ್ಲ, ಈ ಹಣದಲ್ಲಿ ಯಾವ ಹಿತಾಸಕ್ತಿಯೂ ಇಲ್ಲದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ವಾರಸುದಾರರ ಬಗ್ಗೆ ಬರೆದುಕೊಟ್ಟ ಘೋಷಣೆ. ವಾರಸುದಾರಿಕೆಯ ಬಗ್ಗೆ ಸಂಶಯ ಉಳಿಯದಿರಲಿ ಎಂದು ಇದನ್ನೂ ಸೇರಿಸಿದ್ದೇವೆ.

5. ಹೆಸರಿನ ವ್ಯತ್ಯಾಸದ ಬಗ್ಗೆ ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ. ಖಾತೆಯಲ್ಲಿ 'ಕೆ. ಎಸ್. ರಂಗಪ್ಪ' ಎಂದೂ ಮರಣ ಪ್ರಮಾಣಪತ್ರದಲ್ಲಿ 'ಕಲ್ಲಹಳ್ಳಿ ಶಿವಪ್ಪ ರಂಗಪ್ಪ' ಎಂದೂ ಇದೆ. ಇಬ್ಬರೂ ಒಬ್ಬರೇ ಎಂಬುದಕ್ಕೆ ಅವರ ಪಿಂಚಣಿ ಆದೇಶದ ನಕಲನ್ನು ಜೊತೆಗಿಟ್ಟಿದೆ. ಅದರಲ್ಲಿ ಎರಡೂ ರೂಪಗಳಿವೆ.

6. ಜಯಮ್ಮ, ಶೋಭಾ, ಮಂಜುನಾಥ, ಸುಮಿತ್ರಾ ಇವರ ಆಧಾರ್ ಮತ್ತು ಪ್ಯಾನ್ ನಕಲು, ತಲಾ ಎರಡು ಭಾವಚಿತ್ರ. ಅನನ್ಯಳ ಜನನ ಪ್ರಮಾಣಪತ್ರ ಮತ್ತು ಆಧಾರ್ ನಕಲು.

7. ಮಂಜುನಾಥ ಮತ್ತು ಸುಮಿತ್ರಾ ಅವರ ನಿರಾಕ್ಷೇಪಣಾ ಪತ್ರಗಳು. ಸುಮಿತ್ರಾ ಪುಣೆಯಲ್ಲಿರುವುದರಿಂದ ಅವರ ಪತ್ರ ಅಲ್ಲಿನ ನೋಟರಿಯಿಂದ ದೃಢೀಕೃತವಾಗಿದೆ.

8. ₹500ರ ಇ-ಸ್ಟಾಂಪ್ ಮೇಲಿನ ನಷ್ಟಭರ್ತಿ ಪತ್ರ.

9. ಮೂಲ ಪಾಸ್‌ಬುಕ್, ಎರಡೂ ಠೇವಣಿ ರಸೀದಿಗಳು, ಎಟಿಎಂ ಕಾರ್ಡು, ಉಳಿದ ಚೆಕ್ ಹಾಳೆಗಳು.

2, 3 ಮತ್ತು 6ರ ಮೂಲಪ್ರತಿಗಳನ್ನು ಪರಿಶೀಲನೆಗೆ ತಂದಿದ್ದೇವೆ. ನಕಲಿನ ಮೇಲೆ 'ಮೂಲದೊಂದಿಗೆ ತಾಳೆ ನೋಡಿದೆ' ಎಂದು ಸಹಿ ಹಾಕಿ ಮೂಲವನ್ನು ಕೂಡಲೇ ಹಿಂದಿರುಗಿಸಬೇಕು.

ನಷ್ಟಭರ್ತಿ ಪತ್ರದ ಒಕ್ಕಣೆ

"ದಿವಂಗತ ಕೆ. ಎಸ್. ರಂಗಪ್ಪನವರ ಮೇಲ್ಕಂಡ ಮೂರು ಖಾತೆಗಳ ಹಣವನ್ನು ಉತ್ತರಾಧಿಕಾರ ಪ್ರಮಾಣಪತ್ರ ಕೇಳದೆ ಬ್ಯಾಂಕು ನಮಗೆ ಪಾವತಿಸುತ್ತಿರುವುದಕ್ಕೆ ಪ್ರತಿಯಾಗಿ, ಶ್ರೀಮತಿ ಜಯಮ್ಮ ಹಾಗೂ ಶ್ರೀಮತಿ ಎಚ್. ಎಂ. ಶೋಭಾ (ಸ್ವತಃ ಮತ್ತು ಅಪ್ರಾಪ್ತ ಮಗಳು ಅನನ್ಯಳ ಪಾಲಕಿಯಾಗಿ) ಎಂಬ ನಾವು ಒಪ್ಪಿ ಬರೆದುಕೊಟ್ಟದ್ದು ಏನೆಂದರೆ: ವಂಶವೃಕ್ಷದಲ್ಲಿ ಕಾಣಿಸಿದವರನ್ನು ಬಿಟ್ಟು ಮೃತರಿಗೆ ಬೇರೆ ವಾರಸುದಾರರಿಲ್ಲ. ಮುಂದೆ ಬೇರೆ ಯಾರಾದರೂ ವಾರಸುದಾರರೆಂದು, ಉಯಿಲಿನ ಹಕ್ಕುದಾರರೆಂದು ಅಥವಾ ಮೃತರಿಗೆ ಸಾಲ ಕೊಟ್ಟವರೆಂದು ಈ ಹಣಕ್ಕೆ ಹಕ್ಕು ಸ್ಥಾಪಿಸಿ, ಅದರಿಂದ ಬ್ಯಾಂಕಿಗೆ ನಷ್ಟವಾಗಲಿ ನ್ಯಾಯಾಲಯದ ಖರ್ಚಾಗಲಿ ಬಂದಲ್ಲಿ, ನಾವು ತಲಾ ಪಡೆದ ಮೊತ್ತದ ಮಟ್ಟಿಗೆ ಅದನ್ನು ಬಡ್ಡಿ ಸಹಿತ ಬ್ಯಾಂಕಿಗೆ ತುಂಬಿಕೊಡಲು ಬದ್ಧರು. ಅಪ್ರಾಪ್ತಳ ಪಾಲಿನ ಹಣವನ್ನು ಅವಳ ವಿದ್ಯಾಭ್ಯಾಸ ಮತ್ತು ಪೋಷಣೆಗಲ್ಲದೆ ಬಳಸುವುದಿಲ್ಲವೆಂದು ಶೋಭಾ ಎಂಬ ನಾನು ಪ್ರತ್ಯೇಕವಾಗಿ ಒಪ್ಪಿದ್ದೇನೆ. ಈ ಪತ್ರವನ್ನು ಓದಿಸಿ ಕೇಳಿ, ಅರ್ಥಮಾಡಿಕೊಂಡು, ಸ್ವಇಚ್ಛೆಯಿಂದ ಸಹಿ ಮಾಡಿದ್ದೇವೆ."

'ಪಡೆದ ಮೊತ್ತದ ಮಟ್ಟಿಗೆ' ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇವೆ. ಬ್ಯಾಂಕಿನ ಸಿದ್ಧ ನಮೂನೆಯಲ್ಲೇ ಬರೆದುಕೊಡಬೇಕೆಂದರೆ ಅಭ್ಯಂತರವಿಲ್ಲ, ಆದರೆ ಎಂಟರಲ್ಲಿ ಒಂದು ಪಾಲು ಪಡೆಯುವ ಶೋಭಾ ಅವರು ಪೂರ್ತಿ ಹಣಕ್ಕೆ ಹೊಣೆಯಾಗುವಂತೆ ಆ ನಮೂನೆ ಇರಬಾರದು.

ಈ ಪತ್ರದ ಎರಡನೇ ಪ್ರತಿಯ ಮೇಲೆ ದಿನಾಂಕ, ಮೊಹರು ಮತ್ತು ಸಹಿಯೊಂದಿಗೆ ಸ್ವೀಕೃತಿ ಕೊಡಬೇಕು. ಎಲ್ಲ ದಾಖಲೆಗಳು ತಲುಪಿದ 15 ದಿನಗಳೊಳಗೆ ಇತ್ಯರ್ಥ ಮಾಡಬೇಕೆಂದು ನಿರ್ದೇಶನವಿದ್ದು, ಬ್ಯಾಂಕಿನ ಕಾರಣದಿಂದ ತಡವಾದರೆ ಠೇವಣಿ ಹಣಕ್ಕೆ ಬ್ಯಾಂಕ್ ದರದ ಮೇಲೆ ವಾರ್ಷಿಕ ಶೇ. 4 ಸೇರಿಸಿ ಪರಿಹಾರ ಕೊಡಬೇಕಾಗುತ್ತದೆ. ಆ ದಿನಗಳ ಎಣಿಕೆ ಸ್ವೀಕೃತಿಯ ದಿನಾಂಕದ ಮೇಲೆ ನಿಂತಿದೆ. ಯಾವುದಾದರೂ ದಾಖಲೆ ಕಡಿಮೆ ಎನಿಸಿದರೆ ಎಲ್ಲವನ್ನೂ ಒಂದೇ ಪತ್ರದಲ್ಲಿ ತಿಳಿಸಿದರೆ ಒಟ್ಟಿಗೆ ಒದಗಿಸುತ್ತೇವೆ. ಜಯಮ್ಮನವರಿಗೆ ಮಂಡಿನೋವಿರುವುದರಿಂದ ಅವರ ಸಹಿ ಬೇಕಾದ ಕೆಲಸಗಳನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಲು ವಿನಂತಿ. ಉಳಿದಂತೆ ಶಾಖೆಯೊಂದಿಗೆ ವ್ಯವಹರಿಸಲು ಶ್ರೀ ಮಂಜುನಾಥರಿಗೆ ನಾವೆಲ್ಲರೂ ಅಧಿಕಾರ ಕೊಟ್ಟಿದ್ದೇವೆ. ಅವರ ಮೊಬೈಲ್ ಸಂಖ್ಯೆ ಕ್ಲೇಮ್ ಫಾರಂನಲ್ಲಿದೆ. ಹಣ ಪಡೆಯುವ ಅಧಿಕಾರ ಇದರಲ್ಲಿ ಸೇರಿಲ್ಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,

(ಸಹಿ) ಜಯಮ್ಮ
(ಸಹಿ) ಎಚ್. ಎಂ. ಶೋಭಾ, ಸ್ವತಃ ಮತ್ತು ಅಪ್ರಾಪ್ತ ಅನನ್ಯಳ ಪಾಲಕಿಯಾಗಿ
(ಸಹಿ) ಕೆ. ಆರ್. ಮಂಜುನಾಥ
(ಸಹಿ) ಕೆ. ಆರ್. ಸುಮಿತ್ರಾ